ಹೊರಗೆ ತೋರಿಸಿದ್ದು ಒಳಗಿರಲಿ

ಮುಖ ನೋಡಿ ಮಣೆ ಹಾಕುವುದು ಲೋಕದ ರೂಢಿ. ಯೂಟ್ಯೂಬಿನಲ್ಲಿ ವಿಡಿಯೊದ ಮುಖವೆಂದರೆ ಥಂಬ್‌ನೇಲ್ ಎಂಬ ಪುಟ್ಟ ಚಿತ್ರ ಮತ್ತು ಅದರ ಕೆಳಗಿನ ಶೀರ್ಷಿಕೆ. ಇವೆರಡನ್ನು ನೋಡಿಯೇ ಜನ ವಿಡಿಯೊ ತೆರೆಯುತ್ತಾರೆ, ಇಲ್ಲವೇ ಮುಂದೆ ಸಾಗುತ್ತಾರೆ.

ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಂದೆಯ ಮೊಬೈಲಿನಲ್ಲಿ ನಾಲ್ಕು ನಿಮಿಷದ ವಿಡಿಯೊ ಮಾಡಿದ್ದಳು. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೇಣದ ಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಪ್ರಯೋಗ ಅಚ್ಚುಕಟ್ಟಾಗಿತ್ತು. ಆದರೆ ಅವಳು ಆರಿಸಿದ್ದ ಥಂಬ್‌ನೇಲಿನಲ್ಲಿ ಎಲ್ಲಿಂದಲೋ ತಂದ ಕಾರಂಜಿಯ ಚಿತ್ರವಿತ್ತು. ಶೀರ್ಷಿಕೆ: ‘ಗುರುತ್ವವನ್ನೇ ಸೋಲಿಸಿದ ನೀರು! ಆಮ್ಲಜನಕ 21% ಎಂಬುದಕ್ಕೆ ಸಾಕ್ಷಿ!’

“ಹೀಗೆ ಹಾಕದಿದ್ದರೆ ಯಾರು ನೋಡ್ತಾರೆ ಸಾರ್?” ಎಂದಳು. ಪಕ್ಕದಲ್ಲಿದ್ದ ತಂದೆಯೂ ಹೌದೆಂಬಂತೆ ತಲೆಯಾಡಿಸಿದರು.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಲೆಕ್ಕದಲ್ಲೇ ಉತ್ತರ ಹೇಳಿದೆ. ಸಾವಿರ ಜನರ ಕಣ್ಣಿಗೆ ಬಿದ್ದ ಕಾರಂಜಿಯನ್ನು 80 ಜನ ಒತ್ತಿದರೆಂದು ಇಟ್ಟುಕೊಳ್ಳೋಣ. ಒಳಗೆ ಕಾರಂಜಿ ಕಾಣದೆ ತಲಾ 20 ಸೆಕೆಂಡಿಗೆ ಹೊರಟುಹೋದರೆ ಒಟ್ಟು 1,600 ಸೆಕೆಂಡು. ಪ್ರಾಮಾಣಿಕ ಚಿತ್ರವನ್ನು 50 ಜನರಷ್ಟೇ ಒತ್ತಿ, ಎರಡೆರಡು ನಿಮಿಷ ಕುಳಿತರೆ 6,000 ಸೆಕೆಂಡು. ಬರೀ ಒತ್ತಿದವರ ಎಣಿಕೆಗಿಂತ ನೋಡಿದ ಸಮಯಕ್ಕೆ ಹೆಚ್ಚು ಬೆಲೆ ಕೊಡುವ ಪದ್ಧತಿಗೆ ಯೂಟ್ಯೂಬ್ 2012ರಲ್ಲೇ ಬದಲಾಯಿತು. ಮೋಸ ಹೋದವನು ಬೇಗ ಎದ್ದು ಹೋಗುತ್ತಾನೆ. ವಿಡಿಯೊ ಮುಂದೆ ಇನ್ನಷ್ಟು ಜನರ ಕಣ್ಣಿಗೆ ಬೀಳುವ ಸಾಧ್ಯತೆಯೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಇದನ್ನು ತೋರಿಸುವ ಗೆರೆಯೊಂದಿದೆ. ಮೊದಲ ಅರ್ಧ ನಿಮಿಷದಲ್ಲೇ ಅದು ಕಡಿದಾಗಿ ಇಳಿದಿದ್ದರೆ, ಹೊರಗಿನ ಮಾತಿಗೂ ಒಳಗಿನ ಸರಕಿಗೂ ತಾಳೆಯಾಗಿಲ್ಲವೇನೋ ಎಂದು ಮೊದಲು ಅನುಮಾನಿಸಬೇಕು. ಆರಂಭವೇ ನೀರಸವಾಗಿದ್ದರೂ ಗೆರೆ ಹೀಗೆಯೇ ಇಳಿಯುವುದುಂಟು.

ವಿಜ್ಞಾನದ ಮೇಷ್ಟ್ರಾಗಿ ನನ್ನನ್ನು ಹೆಚ್ಚು ಕಾಡಿದ್ದು ಶೀರ್ಷಿಕೆಯ ಎರಡನೆಯ ಭಾಗ. ಬತ್ತಿ ಆರಿದಾಗಲೂ ಲೋಟದಲ್ಲಿ ಸಾಕಷ್ಟು ಆಮ್ಲಜನಕ ಉಳಿದಿರುತ್ತದೆ. ನೀರು ಏರಲು ಮುಖ್ಯ ಕಾರಣ ಬೇರೆ: ಜ್ವಾಲೆಯ ಬಿಸಿಗೆ ಗಾಳಿ ಹಿಗ್ಗಿ, ಕೆಲವಷ್ಟು ಹೊರಹೋಗುತ್ತದೆ, ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಅವಳ ವಿಡಿಯೊದಲ್ಲೇ ನೀರು ಸರ್ರನೆ ಏರಿದ್ದು ಬತ್ತಿ ಆರಿದ ನಂತರ. ಅಂದರೆ ಶೀರ್ಷಿಕೆ ಹೇಳಿದ್ದನ್ನು ವಿಡಿಯೊವೇ ಅಲ್ಲಗಳೆಯುತ್ತಿತ್ತು. ಇನ್ನೊಂದು ಮಾತು: ವಿಡಿಯೊ ತೆರೆಯದವರೂ ಶೀರ್ಷಿಕೆಯನ್ನು ಓದಿರುತ್ತಾರೆ. ತಪ್ಪು ಶೀರ್ಷಿಕೆ ಅವರಿಗೂ ತಪ್ಪನ್ನೇ ಕಲಿಸುತ್ತದೆ.

ಹಾಗಾದರೆ ಆಕರ್ಷಣೆ ಎಲ್ಲಿಂದ ಬರಬೇಕು? ವಿಡಿಯೊದೊಳಗೇ ಇರುವ ಅಚ್ಚರಿಯಿಂದ. “ನಿನಗೆ ಆಶ್ಚರ್ಯವಾದ ಗಳಿಗೆ ಯಾವುದು?” ಎಂದೆ. “ದೀಪ ಆರಿದ ಮೇಲೆ ನೀರು ಏರಿದ್ದು ಸಾರ್” ಎಂದಳು. ಆ ಗಳಿಗೆಯ ದೃಶ್ಯವೇ ಥಂಬ್‌ನೇಲಾಯಿತು: ಹೊಗೆಯಾಡುವ ಬತ್ತಿ, ಲೋಟದಲ್ಲಿ ಏರಿನಿಂತ ಕೆಂಪು ನೀರು, ಮೊದಲಿನ ಮಟ್ಟಕ್ಕೆ ಒಂದು ಬಿಳಿ ಗೆರೆ. ಶೀರ್ಷಿಕೆ: ‘ಬತ್ತಿ ಆರಿದ ಮೇಲೆ ನೀರು ಏಕೆ ಏರುತ್ತದೆ?’ ಉದ್ದ ಶೀರ್ಷಿಕೆಯ ಬಾಲ ಮೊಬೈಲಿನಲ್ಲಿ ಕತ್ತರಿಸಿಹೋಗುವುದರಿಂದ ಮುಖ್ಯ ಪದಗಳು ಮೊದಲೇ ಬಂದವು. ಕಾರಣವನ್ನು ಶೀರ್ಷಿಕೆಯಲ್ಲಿ ಹೇಳಲಿಲ್ಲ. ಉತ್ತರವನ್ನು ಉಳಿಸಿಕೊಳ್ಳುವುದು ಮೋಸವಲ್ಲ. ಇಲ್ಲದ ಉತ್ತರವನ್ನು ಇದೆ ಎನ್ನುವುದು ಮೋಸ.

ಚಿತ್ರದ ಮೇಲೆ ಶೀರ್ಷಿಕೆಯನ್ನೇ ಮತ್ತೆ ಬರೆಯದೆ ‘ಆರಿತು, ಏರಿತು!’ ಎಂದಷ್ಟೇ ಹಾಕಿಸಿದೆ. ಕನ್ನಡದ ಒತ್ತಕ್ಷರಗಳು ಸಣ್ಣ ಚಿತ್ರದಲ್ಲಿ ಕಲೆಸಿಹೋಗುತ್ತವೆ; ಒತ್ತಿಲ್ಲದ ಎರಡು ದಪ್ಪ ಪದಗಳಾದರೆ ಚೆನ್ನಾಗಿ ಕಾಣುತ್ತವೆ. ಬಲಗಡೆ ಕೆಳಮೂಲೆಯಲ್ಲಿ ವಿಡಿಯೊದ ಅವಧಿ ಕೂರುವುದರಿಂದ ಅಲ್ಲಿ ಏನನ್ನೂ ಬರೆಯಲಿಲ್ಲ. 1280×720 ಅಳತೆಯಲ್ಲಿ ಮಾಡಿದ ಚಿತ್ರವನ್ನು ಬೆಂಕಿಪೊಟ್ಟಣದಷ್ಟಕ್ಕೆ ಕುಗ್ಗಿಸಿ, ಕೈಯಳತೆ ದೂರದಲ್ಲಿ ಹಿಡಿದು ನೋಡಿದೆವು. ಬಿಳಿ ಗೆರೆ ಕಾಣಲಿಲ್ಲ; ದಪ್ಪ ಮಾಡಿದಳು.

ಕೊನೆಯ ಪರೀಕ್ಷೆಗೆ ವಿಡಿಯೊ ನೋಡದ ಗೆಳತಿಯೊಬ್ಬಳನ್ನು ಕರೆದು, ಚಿತ್ರ ಮತ್ತು ಶೀರ್ಷಿಕೆ ತೋರಿಸಿ, “ಒಳಗೆ ಏನಿರಬಹುದು?” ಎಂದು ಕೇಳಿದೆವು. “ನೀರು ಮೇಲೆ ಬರೋದು ತೋರಿಸಿ, ಕಾರಣ ಹೇಳ್ತಾರೆ” ಎಂದಳು. ವಿಡಿಯೊದಲ್ಲಿ ಇದ್ದದ್ದೂ ಅದೇ. ಆದರೆ ನೀರು ಏರುವ ದೃಶ್ಯ ಬರುತ್ತಿದ್ದುದು ಶಾಲೆಯ ಹೆಸರು, ತನ್ನ ಪರಿಚಯ, ಸಾಮಗ್ರಿಗಳ ಪಟ್ಟಿ ಎಲ್ಲ ಮುಗಿದ ಮೇಲೆ. ಕೊಟ್ಟ ಮಾತನ್ನು ಅಷ್ಟು ಹೊತ್ತು ಕಾಯಿಸಿದರೆ ಸರಿಯಾದ ಶೀರ್ಷಿಕೆಯೂ ಸುಳ್ಳಿನಂತೆ ಕಾಣುತ್ತದೆ. ಆ ದೃಶ್ಯದ ತುಣುಕೊಂದನ್ನು ಮೊದಲ ಹತ್ತು ಸೆಕೆಂಡಿನೊಳಗೆ ತಂದು, ಆಮೇಲೆ ತನ್ನ ಹೆಸರು ಹೇಳಿದಳು.