ಅಲುಗಾಡಬೇಡಿ ಎಂದು ತೆಗೆದ ಚಿತ್ರಗಳು

ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡ ತಲೆಮಾರಿನವರು ‘ಅಲುಗಾಡಬೇಡಿ’ ಎಂಬ ಒಂದು ಮಾತನ್ನು ಮರೆತಿರಲಾರರು. ಆ ಕಪ್ಪು ಬಿಳುಪಿನ ಚಿತ್ರಗಳಲ್ಲಿ ಹಿರಿಯರ ಮುಖ ಬಿಗಿದಿರುವುದನ್ನು ಕಂಡು ಅವರು ಸಿಡುಕರಾಗಿದ್ದರೆಂದು ಮೊಮ್ಮಕ್ಕಳು ತಿಳಿಯುವುದುಂಟು. ಅದು ಸ್ವಭಾವದ ಬಿಗಿತವಾಗಿರಬೇಕಿಲ್ಲ. ಒಳಗಿನ ಬೆಳಕು ಕಡಿಮೆ, ಷಟರ್ ನಿಧಾನ, ಒಬ್ಬರು ತಲೆ ಅಲುಗಿಸಿದರೂ ಮುಖ ಮಸುಕಾಗುತ್ತಿತ್ತು. ಅದಕ್ಕೇ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆಮೇಲೆ ಕಲರ್ ಲ್ಯಾಬ್ ಬಂತು, ಡಿಜಿಟಲ್ ಬಂತು, ತೀರಿಕೊಂಡವರನ್ನು ಕಂಪ್ಯೂಟರಿನಲ್ಲಿ ಕುಟುಂಬದ ಪಕ್ಕಕ್ಕೆ ಕೂರಿಸುವ ಕೆಲಸವೂ ಬಂತು. 2021ರಲ್ಲಿ ಮೈಹೆರಿಟೇಜ್ ಸಂಸ್ಥೆಯ ‘ಡೀಪ್ ನಾಸ್ಟಾಲ್ಜಿಯಾ’ ಹಳೆಯ ಮುಖಗಳನ್ನು ಅಲುಗಿಸಿತು. ಆದರೆ ಅಲ್ಲಿನ ಚಲನೆ ಮೊದಲೇ ಚಿತ್ರೀಕರಿಸಿಟ್ಟ ಬೇರೆಯವರದ್ದು, ಹಾಗಾಗಿ ಯಾರ ಅಜ್ಜನಾದರೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ತಲೆ ತಿರುಗಿಸುತ್ತಿದ್ದರು. ಈಗಿನ ಎಐ ವಿಡಿಯೋ ತಂತ್ರಾಂಶಗಳಲ್ಲಿ ಚಲನೆಯನ್ನು ನಾವು ಬರೆದುಕೊಡುವ ವಾಕ್ಯವೇ ನಡೆಸುತ್ತದೆ. ಆ ವಾಕ್ಯ ಎಷ್ಟು ಕಡಿಮೆ ಕೇಳುತ್ತದೋ ಚಿತ್ರ ಅಷ್ಟು ನಿಜವಾಗಿ ಉಳಿಯುತ್ತದೆ ಎಂಬುದು ನನ್ನ ವಾದ. ಅಂದು ತಡೆಹಿಡಿದದ್ದನ್ನು, ಎಂದರೆ ಉಸಿರು ಮತ್ತು ರೆಪ್ಪೆಯನ್ನು, ಮಾತ್ರ ಬಿಡಿಸಬೇಕು.

ಕೊಡಗಿನ ನೆಲ್ಯಹುದಿಕೇರಿಯಲ್ಲಿ ಈ ವಾದಕ್ಕೆ ಬೇರೆಯೇ ತೂಕವಿದೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿದಾಗ ಇಲ್ಲಿನ ನದಿದಡದ ಮನೆಗಳು ಕುಸಿದವು. ಅಂಥ ನೀರಿನಿಂದ ಉಳಿದು ಬರುವ ಫೋಟೋ ಎಷ್ಟೋ ಸಲ ಒಂದೇ ಪ್ರತಿ, ಅದೂ ಕಲೆಗಟ್ಟಿದ್ದು. ನೆನೆದು ಒಣಗಿದ ಫೋಟೋ ಗಾಜಿಗೆ ಅಂಟಿದ್ದರೆ ಕೀಳಬಾರದು, ಮುಖದ ಪದರವೇ ಗಾಜಿನೊಂದಿಗೆ ಎದ್ದುಬರುತ್ತದೆ. ಗಾಜಿನ ಮೇಲಿಂದಲೇ, ಪ್ರತಿಫಲನ ಬೀಳದ ಓರೆ ಬೆಳಕಿನಲ್ಲಿ, ಅದರ ಚಿತ್ರ ತೆಗೆಯಬೇಕು. ಕಲೆಯನ್ನು ಚಲನೆಗೆ ಮುಂಚೆ ಸ್ಥಿರಚಿತ್ರದಲ್ಲೇ ಸರಿಮಾಡಬೇಕು. ಇಲ್ಲದಿದ್ದರೆ ಕೆನ್ನೆಯ ಮೇಲಿನ ಬೂಷ್ಟನ್ನು ಯಂತ್ರ ಚರ್ಮವೆಂದೋ ನೆರಳೆಂದೋ ತಿಳಿದು ಅದನ್ನೂ ಅಲುಗಿಸುತ್ತದೆ.

ಹತ್ತು ಜನರ ಒಂದು ಗುಂಪುಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಪ್ರಿಂಟಿನ ಅಗಲ 15 ಸೆಂ.ಮೀ., ಒಂದು ಮುಖ 1 ಸೆಂ.ಮೀ. ಎಂದಿಟ್ಟುಕೊಳ್ಳಿ. ಎಷ್ಟೇ ಚೆನ್ನಾಗಿ ಸ್ಕ್ಯಾನ್ ಮಾಡಿದರೂ 1280 ಪಿಕ್ಸೆಲ್ ಅಗಲದ ವಿಡಿಯೋದಲ್ಲಿ ಆ ಮುಖಕ್ಕೆ ಸಿಗುವುದು ಸುಮಾರು 85 ಪಿಕ್ಸೆಲ್. ಅಷ್ಟರಲ್ಲಿ ಕಣ್ಣಿನ ರೆಪ್ಪೆಯೇ ಸರಿಯಾಗಿ ಇರುವುದಿಲ್ಲ, ಇಲ್ಲದ್ದನ್ನು ಯಂತ್ರ ಊಹಿಸಿ ತುಂಬುತ್ತದೆ. ಮಧ್ಯದಲ್ಲಿ ಕುಳಿತ ಅಜ್ಜ ಅಜ್ಜಿಯ 5 ಸೆಂ.ಮೀ. ಭಾಗವನ್ನಷ್ಟೇ ಕತ್ತರಿಸಿಕೊಂಡರೆ ಮುಖಕ್ಕೆ 256 ಪಿಕ್ಸೆಲ್ ಸಿಗುತ್ತದೆ. ಬಳಿಕ ಬರೆಯಬೇಕಾದದ್ದು ಇಷ್ಟು:

```
Static camera. Both sitters breathe softly and
blink once. Heads, hands and lips stay still.
```

ಕ್ಯಾಮೆರಾ ಸ್ಥಿರವಾಗಿರಲಿ ಎಂದು ಹೇಳದಿದ್ದರೆ ಎಷ್ಟೋ ಸಲ ಅದು ತಾನಾಗಿ ಮುಂದೆ ಸರಿಯುತ್ತದೆ, ಮುಖದ ಆಕಾರವೂ ಜೊತೆಗೆ ಬದಲಾಗುತ್ತದೆ. ಆರಂಭ ಮತ್ತು ಅಂತ್ಯದ ಚಿತ್ರ ಎರಡನ್ನೂ ಕೇಳುವ ತಂತ್ರಾಂಶವಿದ್ದರೆ ಎರಡಕ್ಕೂ ಅದೇ ಫೋಟೋ ಕೊಡುವುದು ಒಳ್ಳೆಯದು, ಮುಖ ಕೊನೆಗೆ ಮೂಲಕ್ಕೇ ಮರಳಬೇಕಾಗುತ್ತದೆ. 5 ಸೆಕೆಂಡು ಸಾಕು, ಉದ್ದ ಹೆಚ್ಚಿದಂತೆ ಮುಖ ಮೂಲದಿಂದ ಜಾರುವ ಅವಕಾಶವೂ ಹೆಚ್ಚು.

ಇಷ್ಟೇ ಆದರೆ ಏನು ಪ್ರಯೋಜನ, ನಗಿಸಬಾರದೇಕೆ, ನಮ್ಮ ಕಡೆಗೆ ತಿರುಗಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಬಾಯಿ ಮುಚ್ಚಿದ ಚಿತ್ರದಲ್ಲಿ ಹಲ್ಲಿನ ದಾಖಲೆಯಿಲ್ಲ. ನಗಿಸಿದರೆ ಯಾರದೋ ಹಲ್ಲುಸಾಲು ಅಜ್ಜಿಯ ಬಾಯಿಗೆ ಬರುತ್ತದೆ, ಅವರನ್ನು ಕಂಡಿದ್ದ ಮಗಳಿಗೆ ಅದು ಕೂಡಲೇ ತಿಳಿಯುತ್ತದೆ. ತಿರುಗುವುದು ಇನ್ನೂ ಕಷ್ಟ. ಕೊಡವ ಸೀರೆಯ ನೆರಿಗೆ ಹಿಂಭಾಗದಲ್ಲಿರುತ್ತದೆ, ಮುಂದಿನಿಂದ ತೆಗೆದ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ಮೈ ತಿರುಗಿಸಲು ಹೇಳಿದರೆ ಯಂತ್ರ ತಾನು ಹೆಚ್ಚು ಕಂಡ ಸೀರೆಯನ್ನೇ ಉಡಿಸಿಬಿಡಬಹುದು. ಅಜ್ಜನ ಚೇಲೆಗೆ ಸಿಕ್ಕಿಸಿದ ಪೀಚೆಕತ್ತಿಯ ಸರಪಳಿ ಕೈ ಅಲುಗಿದ ಕೂಡಲೇ ಬೆರಳಿನೊಂದಿಗೆ ಬೆಸೆದುಹೋಗಬಹುದು. ಹಾಗಾಗಿ ತುಣುಕು ಬಂದ ಮೇಲೆ ಅಲ್ಲಲ್ಲಿ ನಿಲ್ಲಿಸಿ ಮೂಲದ ಪಕ್ಕದಲ್ಲಿಟ್ಟು ಕಣ್ಣಿನ ಅಂತರ, ಓಲೆ, ಬೆರಳು, ಮಚ್ಚೆ ಇವನ್ನು ನೋಡಬೇಕು.

ಉಸಿರಾಟವೂ ಕಲ್ಪಿತವೇ ಅಲ್ಲವೇ ಎಂಬ ಆಕ್ಷೇಪ ಹೆಚ್ಚು ಗಟ್ಟಿಯದು. ಹೌದು, ಕಲ್ಪಿತವೇ. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಸುಕ್ಕು ಮರೆಸಿದ ರೀಟಚರ್ ಕೂಡ, ಹಿಂದೆ ಬಣ್ಣದ ಪರದೆಯ ತೋಟ ಬಿಟ್ಟ ಛಾಯಾಗ್ರಾಹಕ ಕೂಡ ಕಲ್ಪನೆ ಬೆರೆಸಿದವರೇ ಎಂದು ಸಮಾಧಾನ ಹೇಳಬಹುದು, ಆದರೆ ಅದು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಪರದೆಯ ತೋಟವನ್ನು ಯಾರೂ ಅಜ್ಜನ ನೆನಪೆಂದು ಇಟ್ಟುಕೊಳ್ಳುವುದಿಲ್ಲ. ಮುಖದ ಚಲನೆಯನ್ನು ಇಟ್ಟುಕೊಳ್ಳುತ್ತಾರೆ, ಅಜ್ಜನನ್ನು ನೋಡಿರದ ಮಗುವಿಗಂತೂ ಅದೇ ಅಜ್ಜನ ನಗುವಾಗುತ್ತದೆ. ಉಸಿರು ಎಲ್ಲರಿಗೂ ಇದ್ದದ್ದು, ಅದರಿಂದ ಯಾರ ಮೇಲೂ ಹೊಸ ಗುಣವನ್ನು ಹೊರಿಸಿದಂತಾಗುವುದಿಲ್ಲ. ನಗು, ಓರೆನೋಟ, ಕೈಬೀಸುವ ರೀತಿ ಒಬ್ಬೊಬ್ಬರದ್ದೇ. ಮನೆಯವರಲ್ಲಿ ಒಬ್ಬರಾದರೂ ಬೇಡವೆಂದರೆ ಮಾಡದಿರುವುದು ಸರಿ. ಮಾಡಿದರೆ ಅದು ಕಂಪ್ಯೂಟರ್ ಸೃಷ್ಟಿಸಿದ ಚಲನೆಯೆಂದು ತುಣುಕಿನಲ್ಲೇ ಬರೆಯಬೇಕು. ಕಲೆಯಿದ್ದ ಮೂಲ ಸ್ಕ್ಯಾನನ್ನು ತಿದ್ದದೆ ಬೇರೆಡೆ ಇಟ್ಟು, ಚಿತ್ರದಲ್ಲಿರುವವರ ಹೆಸರುಗಳನ್ನು ಗೊತ್ತಿರುವ ಹಿರಿಯರಿಂದ ಕೇಳಿ ಅದರೊಂದಿಗೇ ಬರೆದಿಡಬೇಕು.