ಬಿಚ್ಚಿದರೆ ಸಿಗೋದು ಅಗಲ ಅಲ್ಲ

ಕೈಯಲ್ಲಿ ಮಡಚುವ ಫೋನ್ ಕಂಡರೆ ಜನ ಕೇಳುವ ಪ್ರಶ್ನೆಗಳು ಎರಡೇ. ನಡುವಿನ ಗೆರೆ ಕಾಣುತ್ತಾ? ಗೇಮ್ ಆಡೋಕೆ ಸೂಪರ್ ಇರಬೇಕಲ್ವಾ? ಮೊದಲನೆಯದಕ್ಕೆ ಉತ್ತರ ಸುಲಭ: ಎರಡು ದಿನ ಕಾಣುತ್ತೆ, ಆಮೇಲೆ ಕಣ್ಣಿಗೆ ಅಭ್ಯಾಸ ಆಗಿಬಿಡುತ್ತೆ. ಎರಡನೆಯದಕ್ಕೆ ಮಾತ್ರ ನಾನು ‘ಯಾವ ಗೇಮು?’ ಅಂತ ತಿರುಗಿ ಕೇಳುತ್ತೇನೆ. ಕೇಳಿದವರು ನನಗೆ ಜಂಬ ಅಂದುಕೊಳ್ಳುತ್ತಾರೆ. ಆದರೆ ಈ ಪ್ರಶ್ನೆಗೆ ನಿಜವಾದ ಉತ್ತರ ಶುರುವಾಗೋದೇ ಅಲ್ಲಿಂದ.

ನನ್ನದು ಗ್ಯಾಲಕ್ಸಿ ಝಡ್ ಫೋಲ್ಡ್ 5. ಹೊರಗಿನ ಪರದೆ 6.2 ಇಂಚು, ಒಳಗಿನದು 7.6 ಇಂಚು. ಈ ಅಂಕಿಗಳು ಮೂಲೆಯಿಂದ ಮೂಲೆಗೆ ಅಳೆದದ್ದು, ಹಾಗಾಗಿ ಅರ್ಧ ಕಥೆಯನ್ನಷ್ಟೇ ಹೇಳುತ್ತವೆ. ಗೇಮ್ ಆಡುವ ಹಾಗೆ ಫೋನನ್ನು ಅಡ್ಡ ಹಿಡಿದು ಸ್ಕೇಲ್ ಇಟ್ಟು ನೋಡಿ. ಹೊರಗಿನ ಪರದೆಯ ಅಗಲ ಸುಮಾರು 5.8 ಇಂಚು. ಬಿಚ್ಚಿ ಅಡ್ಡ ಹಿಡಿದರೆ ಒಳಗಿನದರ ಅಗಲವೂ ಹೆಚ್ಚುಕಮ್ಮಿ ಅಷ್ಟೇ, ಸುಮಾರು 5.8 ಇಂಚು! ಬದಲಾಗೋದು ಎತ್ತರ. ಎರಡೂಕಾಲು ಇಂಚು ಇದ್ದದ್ದು ಸುಮಾರು 4.9 ಆಗುತ್ತದೆ. ಅಂದರೆ ಫೋನ್ ಬಿಚ್ಚಿದಾಗ ನಮಗೆ ಸಿಗೋದು ಅಗಲ ಅಲ್ಲ, ಬರೀ ಎತ್ತರ. ಉದ್ದ ಕಿಟಕಿಯೊಂದು ಹೆಚ್ಚುಕಮ್ಮಿ ಚೌಕ ಕಿಟಕಿ ಆದ ಹಾಗೆ. ಈ ಹೊಸ ಎತ್ತರವನ್ನು ಏನು ಮಾಡಬೇಕು ಅನ್ನೋದನ್ನು ಪ್ರತಿ ಗೇಮೂ ತನ್ನದೇ ರೀತಿಯಲ್ಲಿ ತೀರ್ಮಾನಿಸುತ್ತದೆ. ನಮ್ಮ ಗೆಲುವು ಸೋಲು ಎಷ್ಟೋ ಸಲ ಆ ತೀರ್ಮಾನದಲ್ಲೇ ಅಡಗಿರುತ್ತದೆ.

ನಾವು ಕಾಲೇಜಿನ ನಾಲ್ಕು ಜನ, ಈಗ ನಾಲ್ಕು ಊರಲ್ಲಿದ್ದೇವೆ. ಗುರುವಾರ ರಾತ್ರಿ ಊಟ ಆದಮೇಲೆ ಒಂದು ಶೂಟಿಂಗ್ ಗೇಮ್‌ನಲ್ಲಿ ಒಟ್ಟಿಗೆ ಸೇರುತ್ತೇವೆ. ವಾರಕ್ಕೊಮ್ಮೆ ಎಲ್ಲರೂ ಮಾತಾಡೋದು ಅಂತ ಇದ್ದರೆ ಅದು ಆಗಲೇ. ತಂಡದಲ್ಲಿ ನನ್ನ ಕೆಲಸ ಎಡಗಡೆ ಕಾಯೋದು. ಹೊಸ ಫೋನ್ ಬಂದ ಮೇಲೆ ಸಹಜವಾಗಿ ಬಿಚ್ಚಿಕೊಂಡೇ ಆಡುತ್ತಿದ್ದೆ. ಮೂರು ವಾರ ಕಳೆಯೋ ಹೊತ್ತಿಗೆ ನನ್ನ ಎಡಗಡೆಯಿಂದಲೇ ಶತ್ರುಗಳು ನುಗ್ಗುತ್ತಿದ್ದರು. ‘ಏನೋ ಮಗಾ, ನಿದ್ದೆ ಮಾಡ್ತಿದ್ದೀಯಾ?’ ಅಂತ ಗೆಳೆಯ ರೇಗಿದ. ನಿದ್ದೆ ಇರಲಿಲ್ಲ. ಅವರು ನನ್ನ ಪರದೆಯಲ್ಲಿ ಇರಲೇ ಇಲ್ಲ.

ಯಾಕೆ ಅಂತ ನೋಡೋಣ. ಮೂರು ಆಯಾಮದ ಗೇಮ್‌ನಲ್ಲಿ ಒಂದು ಕಾಲ್ಪನಿಕ ಕ್ಯಾಮೆರಾ ಇರುತ್ತದೆ. ಅದು ಎಷ್ಟು ಡಿಗ್ರಿ ನೋಡುತ್ತದೆ ಅನ್ನೋದನ್ನು ಗೇಮ್ ಮಾಡಿದವರು ನಿಗದಿ ಮಾಡುತ್ತಾರೆ. ಆದರೆ ಅವರು ಕೊಡೋದು ಒಂದೇ ಕೋನ, ಮೇಲಿಂದ ಕೆಳಗಿನದು ಅಥವಾ ಎಡದಿಂದ ಬಲದ್ದು. ಇನ್ನೊಂದನ್ನು ಪರದೆಯ ಆಕಾರ ನಿರ್ಧರಿಸುತ್ತದೆ. ಮೊಬೈಲ್ ಗೇಮ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಯೂನಿಟಿ ಎಂಜಿನ್‌ನಲ್ಲಿ, ಬದಲಾಯಿಸದೆ ಬಿಟ್ಟರೆ, ಗಟ್ಟಿಯಾಗಿ ನಿಲ್ಲೋದು ಮೇಲಿಂದ ಕೆಳಗಿನ ಕೋನ.

ಅದು 60 ಡಿಗ್ರಿ ಅಂದುಕೊಳ್ಳಿ. ಹೊರಗಿನ ಉದ್ದ ಪರದೆಯಲ್ಲಿ ಎಡದಿಂದ ಬಲಕ್ಕೆ ಸುಮಾರು 112 ಡಿಗ್ರಿ ಕಾಣುತ್ತದೆ. ಬಿಚ್ಚಿದ ಚೌಕ ಪರದೆಯಲ್ಲಿ ಅದು 69ಕ್ಕೆ ಇಳಿಯುತ್ತದೆ. ಡಿಗ್ರಿ ಬೇಡ, ಮೀಟರ್‌ನಲ್ಲಿ ಹೇಳ್ತೀನಿ. ನಿಮ್ಮೆದುರು 10 ಮೀಟರ್ ದೂರದಲ್ಲಿ ಒಂದು ಉದ್ದ ಗೋಡೆ ಇದೆ. ಫೋನ್ ಮಡಚಿದ್ದಾಗ ಆ ಗೋಡೆ 30 ಮೀಟರ್‌ನಷ್ಟು ಕಾಣುತ್ತದೆ. ಬಿಚ್ಚಿದಾಗ ಕಾಣೋದು 14 ಮೀಟರ್ ಮಾತ್ರ. ಎರಡೂ ಕಡೆ ಎಂಟೆಂಟು ಮೀಟರ್ ಗೋಡೆ ಪರದೆಯಿಂದ ಆಚೆ ಹೋಯಿತು. ನನ್ನ ಶತ್ರುಗಳು ಕೂತಿದ್ದದ್ದು ಆ ಎಂಟು ಮೀಟರ್‌ನಲ್ಲಿ.

ಬದಲಿಗೆ ಏನೂ ಸಿಗಲಿಲ್ಲವಾ? ಸಿಕ್ಕಿತು. ಕಾಣುವಷ್ಟು ಭಾಗದಲ್ಲಿ ಎಲ್ಲವೂ ಎರಡು ಪಟ್ಟಿಗಿಂತ ದೊಡ್ಡದಾಗಿ ಕಾಣುತ್ತದೆ. ದೂರದ ಛಾವಣಿಯ ಮೇಲೆ ಮಲಗಿ ಗುರಿ ಇಡುವವನಿಗೆ ಇದು ವರ. ಬದಿ ಕಾಯುವವನಿಗೆ ಶಾಪ.

ಇದು ಒಂದು ಬಗೆ. ಎಡ-ಬಲದ ಕೋನವನ್ನೇ ಗಟ್ಟಿ ಹಿಡಿದ ಗೇಮ್ ಆದರೆ ಉಲ್ಟಾ. ಬದಿಗಳು ಹಾಗೇ ಇರುತ್ತವೆ, ವಸ್ತುಗಳ ಗಾತ್ರವೂ ಬದಲಾಗೋದಿಲ್ಲ, ಮೇಲೆ ಆಕಾಶ ಮತ್ತು ಕೆಳಗೆ ನೆಲ ಜಾಸ್ತಿ ಕಾಣುತ್ತವೆ. ಮೂರನೆಯದು ಲೆಟರ್‌ಬಾಕ್ಸಿಂಗ್. ಗೇಮ್ ‘ನನ್ನ ಆಕಾರ 16:9, ನಾನು ಬದಲಾಗಲ್ಲ’ ಅಂತ ಕೂತು, ಉಳಿದ ಜಾಗಕ್ಕೆ ಕಪ್ಪು ಪಟ್ಟಿ ಹಾಕುತ್ತದೆ.

ನಿಮ್ಮ ಗೇಮ್ ಯಾವ ಬಗೆಯದು ಅಂತ ತಿಳಿಯೋಕೆ ಐದು ನಿಮಿಷ ಸಾಕು. ಅಭ್ಯಾಸದ ಮೈದಾನಕ್ಕೆ ಹೋಗಿ ಒಂದು ಕಡೆ ನಿಲ್ಲಿ, ಕದಲಬೇಡಿ. ಮಡಚಿದಾಗ ಒಂದು ಸ್ಕ್ರೀನ್‌ಶಾಟ್, ಬಿಚ್ಚಿದಾಗ ಒಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಎಡ ಅಂಚಿನಲ್ಲಿ ಏನಿದೆ ನೋಡಿ. ಮೊದಲ ಚಿತ್ರದಲ್ಲಿದ್ದ ಮರ ಎರಡನೆಯದರಲ್ಲಿ ಮಾಯವಾಗಿದ್ದರೆ ಬದಿ ಕತ್ತರಿಸಿದೆ. ಮರ ಅಲ್ಲೇ ಇದ್ದು ಆಕಾಶ ಹೆಚ್ಚಾಗಿದ್ದರೆ ಎತ್ತರ ಸೇರಿದೆ. ದುಂಡಗಿನ ಗುರಿ ಮೊಟ್ಟೆಯಾಕಾರ ಆಗಿದ್ದರೆ ಚಿತ್ರವನ್ನು ಎಳೆದು ತುಂಬಿಸಿದ್ದಾರೆ. ಅಂಥ ಗೇಮ್ ಅನ್ನು ಮಡಚಿಕೊಂಡೇ ಆಡೋದು ವಾಸಿ. ನನ್ನದರಲ್ಲಿ ಮರ ಮಾಯವಾಗಿತ್ತು. ಗೆಳೆಯರ ಗುಂಪಿಗೆ ಎರಡು ಚಿತ್ರವನ್ನೂ ಕಳಿಸಿದೆ. ರೇಗಿದವನೇ ‘ಹಾಗಾದ್ರೆ ನೀನು ಛಾವಣಿ ಹತ್ತು, ಎಡಗಡೆ ನಾನು ನೋಡ್ಕೋತೀನಿ’ ಅಂದ.

ಈಗ ಕಪ್ಪು ಪಟ್ಟಿಯ ವಿಷಯ. ದುಡ್ಡು ಕೊಟ್ಟು ತಂದ ಪರದೆಯಲ್ಲಿ ಖಾಲಿ ಜಾಗ ಕಂಡರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. 16:9 ಗೇಮ್ ಒಂದು ನನ್ನ ಒಳಪರದೆಯಲ್ಲಿ ಮೂರನೇ ಎರಡು ಭಾಗವನ್ನಷ್ಟೇ ಬಳಸುತ್ತದೆ. ಮೇಲೊಂದು ಕೆಳಗೊಂದು, 294 ಪಿಕ್ಸೆಲ್ ಎತ್ತರದ ಕಪ್ಪು ಪಟ್ಟಿ. ಹಾಗಿದ್ದರೂ ಅದೇ ಗೇಮ್ ಹೊರಗಿನ ಪರದೆಯಲ್ಲಿ ಇದರ ಅರ್ಧದಷ್ಟೂ ದೊಡ್ಡದಾಗಿ ಇರೋದಿಲ್ಲ. ಅಲ್ಲಿ ಪಟ್ಟಿ ಎಡಬಲಕ್ಕೆ ಬರುತ್ತದೆ. ಮುಖ್ಯ ವಿಷಯ ಏನಂದ್ರೆ, ಲೆಟರ್‌ಬಾಕ್ಸ್ ಇದ್ದಾಗ ಎರಡೂ ಪರದೆಯಲ್ಲಿ ಕಾಣೋದು ಅದದೇ ಜಗತ್ತು, ಒಂದು ಮರ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನಾಲ್ಕು ಜನ ನಾಲ್ಕು ಥರದ ಫೋನ್‌ನಲ್ಲಿ ಆಡುವಾಗ ಇದಕ್ಕಿಂತ ನ್ಯಾಯ ಬೇರೆ ಇಲ್ಲ. ಹಾಗಾಗಿ ಪೈಪೋಟಿಯ ಗೇಮ್‌ನಲ್ಲಿ ಪಟ್ಟಿ ಕಂಡರೆ ನಾನು ಈಗ ಸಿಟ್ಟಾಗೋದಿಲ್ಲ.

ಆದರೆ ಅದೇ ಪಟ್ಟಿ ನಿಜಕ್ಕೂ ನಷ್ಟ ಅನ್ನಿಸಿದ್ದು ಕೇರಂನಲ್ಲಿ. ನಮ್ಮಪ್ಪ ಹಿಂದೆ ಕ್ಲಬ್ಬಿನಲ್ಲಿ ಕೇರಂ ಆಡುತ್ತಿದ್ದವರು. ನಾನು ಊರು ಬಿಟ್ಟ ಮೇಲೆ ಫೋನಿನಲ್ಲಿ ನನ್ನ ಜೊತೆ ಆಡುತ್ತಿದ್ದರು. ಕಣ್ಣಿಗೆ ಪೊರೆ ಬಂದಮೇಲೆ ನಿಲ್ಲಿಸಿದರು. ‘ಕಾಯಿನ್ ಎಲ್ಲ ಇರುವೆ ಥರ ಕಾಣ್ತವೆ, ಬಿಡೋ’ ಅಂದರು. ಹಬ್ಬಕ್ಕೆ ಹೋದಾಗ ನನ್ನ ಫೋನ್ ಬಿಚ್ಚಿ ಕೈಗೆ ಕೊಟ್ಟೆ.

ಕೇರಂ ಬೋರ್ಡ್ ಚೌಕ. ಒಳಪರದೆ ಹೆಚ್ಚುಕಮ್ಮಿ ಚೌಕ. ಹೇಳಿ ಮಾಡಿಸಿದ ಜೋಡಿ. ಆದರೆ ನಾವು ಆಡುತ್ತಿದ್ದ ಗೇಮ್ ಉದ್ದ ನಿಂತ ಫೋನಿಗಂತ 9:16ರಲ್ಲಿ ಮಾಡಿದ್ದು. ನಿಲ್ಲಿಸಿ ಹಿಡಿದರೆ ಎಡಬಲಕ್ಕೆ ಕಪ್ಪು ಪಟ್ಟಿ ಬಂತು. ಬೋರ್ಡಿಗೆ ಸಿಕ್ಕ ಅಗಲ 3.3 ಇಂಚು. ಪೂರ್ತಿ ತುಂಬಿದ್ದರೆ 4.9 ಇಂಚು ಸಿಗಬೇಕಿತ್ತು. ನಿಜವಾದ ಬೋರ್ಡಿನ ಅನುಪಾತದಲ್ಲೇ ಬರೆದರೆ ಕಾಯಿನ್ ಹೊರಪರದೆಯಲ್ಲಿ ಎರಡೂವರೆ ಮಿಲಿಮೀಟರ್ ಕೂಡ ಇರಲ್ಲ. ಪಟ್ಟಿ ಇದ್ದಾಗ ಮೂರೂವರೆ, ಪಟ್ಟಿ ಇಲ್ಲದಿದ್ದರೆ ಐದು. ಅಪ್ಪನ ಕಣ್ಣಿಗೆ ಬೇಕಾಗಿದ್ದದ್ದು ಆ ಕೊನೆಯ ಒಂದೂವರೆ ಮಿಲಿಮೀಟರ್.

ಇಂಥ ಹೊತ್ತಿಗೆ ಅಂತಲೇ ಹೊಸ ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ Aspect ratio ಅನ್ನೋ ಆಯ್ಕೆ ಇದೆ. ಒಂದೊಂದು ಆ್ಯಪ್‌ಗೂ ಬೇರೆಬೇರೆ ಆಕಾರ ಕೊಡಬಹುದು. Full screen ಅಂತ ಇಟ್ಟೆ. ಬೋರ್ಡ್ ಅಗಲವಾಯಿತು, ಅಪ್ಪನ ಮುಖವೂ. ಆದರೆ ಸ್ಟ್ರೈಕರ್ ಜರುಗಿಸುವ ಪಟ್ಟಿ ಬೋರ್ಡಿನ ಕೆಳಸಾಲಿನ ಮೇಲೇ ಬಂದು ಕೂತಿತು. ಕಾರಣ ಸರಳ: ಉದ್ದ ಫೋನಿನಲ್ಲಿ ಬೋರ್ಡಿನ ಮೇಲೆ ಕೆಳಗೆ ಧಾರಾಳ ಜಾಗ ಇರುತ್ತದೆ. ನನ್ನ ಒಳಪರದೆಯಲ್ಲಿ ಬೋರ್ಡ್ ಪೂರ್ತಿ ಅಗಲ ತೆಗೆದುಕೊಂಡ ಮೇಲೆ ಉಳಿಯೋದು ಎರಡೂ ಕಡೆ ಸೇರಿ ಒಂದೇ ಇಂಚು. ಅಂಕ, ಹೆಸರು, ಸ್ಟ್ರೈಕರ್, ಎಲ್ಲ ಅಷ್ಟರಲ್ಲೇ ಹಿಡಿಯಬೇಕು. ಆಕಾರ ಬದಲಾಯಿಸೋದು ಫೋನಿನ ಕೈಲಿದೆ. ಗುಂಡಿಗಳನ್ನು ಮತ್ತೆ ಜೋಡಿಸೋದು ಗೇಮ್ ಬರೆದವರಿಂದ ಮಾತ್ರ ಆಗೋ ಕೆಲಸ. ಮೂರು ಕೇರಂ ಗೇಮ್ ಹಾಕಿ ತೆಗೆದ ಮೇಲೆ, ಚೌಕ ಪರದೆಗೆ ತಾನೇ ಜೋಡಿಸಿಕೊಳ್ಳುವ ಒಂದು ಸಿಕ್ಕಿತು. ಅಪ್ಪ ಮೊದಲ ಬೋರ್ಡಿನಲ್ಲೇ ರೆಡ್ ಹಾಕಿ ಫಾಲೋ ಕೂಡ ಹಾಕಿದರು.

ಇನ್ನೊಂದು ಎಚ್ಚರಿಕೆ. ಆಟದ ನಡುವೆ ಫೋನ್ ಬಿಚ್ಚೋದು ಮಡಚೋದು ಬೇಡ. ಪರದೆ ಬದಲಾದ ಕೂಡಲೇ ಆಂಡ್ರಾಯ್ಡ್ ‘ನಿನ್ನ ಅಳತೆ ಬದಲಾಯಿತು’ ಅಂತ ಗೇಮ್‌ಗೆ ಹೇಳುತ್ತದೆ. ಅದನ್ನು ನಾನೇ ನೋಡಿಕೊಳ್ಳುತ್ತೇನೆ ಅಂತ ಗೇಮ್ ಮೊದಲೇ ಹೇಳಿರದಿದ್ದರೆ, ಆ ಪರದೆಯನ್ನು ಮುಚ್ಚಿ ಹೊಸದಾಗಿ ತೆರೆಯಲಾಗುತ್ತದೆ. ನೀವು ಲೋಡಿಂಗ್ ನೋಡುತ್ತಾ ಕೂತಿರುವಾಗ ನಿಮ್ಮ ಸರದಿ ಮುಗಿದಿರುತ್ತದೆ. ಒಮ್ಮೆ ಅಭ್ಯಾಸದ ಆಟದಲ್ಲಿ ಬಿಚ್ಚಿ ನೋಡಿ. ಆಟ ನಿಂತಲ್ಲೇ ಮುಂದುವರಿದರೆ ಆ ಗೇಮ್ ಅನ್ನು ನಂಬಬಹುದು.

‘ಮುಂದೆ ಎಲ್ಲ ಸರಿಹೋಗುತ್ತೆ, ಕಾಯಿ’ ಅನ್ನುವವರಿದ್ದಾರೆ. ಆಂಡ್ರಾಯ್ಡ್ 16ಕ್ಕಂತ ತಯಾರಾದ ಆ್ಯಪ್‌ಗಳು ದೊಡ್ಡ ಪರದೆಯಲ್ಲಿ ‘ನಾನು ಇದೇ ಆಕಾರದಲ್ಲಿ ಇರ್ತೀನಿ’ ಅಂತ ಹಠ ಹಿಡಿದರೆ ವ್ಯವಸ್ಥೆ ಕೇಳೋದಿಲ್ಲ, ನಿಜ. ಆದರೆ ಗೇಮ್‌ಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ. ಯಾಕೆ ಅಂತ ಎಡಗಡೆ ಕಾಯುವವರಿಗೆ ಗೊತ್ತಿರುತ್ತೆ. ಬ್ಯಾಂಕ್ ಆ್ಯಪ್ ಅಗಲ ಆದರೆ ಜಾಗ ಹೆಚ್ಚಾಗುತ್ತೆ ಅಷ್ಟೇ. ಗೇಮ್‌ನ ಆಕಾರ ಬದಲಾದರೆ ಆಟದ ನಿಯಮವೇ ಬದಲಾಗುತ್ತೆ.

ಸದ್ಯಕ್ಕೆ ನನ್ನ ಲೆಕ್ಕ ಹೀಗೆ. ಬೋರ್ಡ್ ಚೌಕವಾಗಿರುವ ಕೇರಂ, ಚೆಸ್, ಲೂಡೋ ಬಿಚ್ಚಿಕೊಂಡು. 16:9 ಪಟ್ಟಿ ಹಾಕುವ ಗೇಮ್‌ಗಳೂ ಬಿಚ್ಚಿಕೊಂಡೇ, ಪಟ್ಟಿ ಇದ್ದರೂ ಚಿತ್ರ ದೊಡ್ಡದು. ಬದಿ ಕತ್ತರಿಸುವ ಶೂಟಿಂಗ್ ಗೇಮ್‌ನಲ್ಲಿ ಮಾತ್ರ ಕೆಲಸ ನೋಡಿಕೊಂಡು: ಛಾವಣಿಯ ಮೇಲಿದ್ದರೆ ಬಿಚ್ಚಿ, ಬಾಗಿಲು ಕಾಯುತ್ತಿದ್ದರೆ ಮಡಚಿ. ಇಂಥ ಫೋನ್ ಕೊಳ್ಳೋ ಯೋಚನೆ ಇದ್ದರೆ ಅಂಗಡಿಯಲ್ಲಿ ಎಷ್ಟು ಇಂಚು ಅಂತ ಕೇಳಬೇಡಿ. ಬಿಚ್ಚಿ, ಅಡ್ಡ ಹಿಡಿದು, ಪಕ್ಕದಲ್ಲಿ ನಿಮ್ಮ ಈಗಿನ ಫೋನ್ ಇಟ್ಟು ಅಗಲ ಹೋಲಿಸಿ. ನಿಮ್ಮ ಗೇಮ್‌ಗೆ ಬೇಕಾಗಿರೋದು ಅಗಲವೋ ಎತ್ತರವೋ ಅಂತ ಆಮೇಲೆ ನೀವೇ ಹೇಳಬಲ್ಲಿರಿ.