ಕರುಳು ಕಿತ್ತು ಬರುವ ಹಾಗೆ

ಬಸ್ಸು ಹೊರಡುವ ಮುಂಚೆ ಹತ್ತಿ, ಕೂತವರ ತೊಡೆಯ ಮೇಲೆ ಲ್ಯಾಮಿನೇಟ್ ಮಾಡಿಸಿದ ಕಾರ್ಡೊಂದನ್ನು ಇಟ್ಟುಹೋಗುವವರನ್ನು ನೀವೂ ನೋಡಿರುತ್ತೀರಿ. ನಾನು ಆ ಕಾರ್ಡುಗಳನ್ನು ತಪ್ಪದೆ ಓದುವವನು. ಊರು ಯಾವುದಾದರೂ ಒಕ್ಕಣೆ ಒಂದೇ: ತಂದೆಯಿಲ್ಲ, ತಾಯಿಗೆ ಕಾಯಿಲೆ, ನೀವೇ ದೇವರು. ಯಾವ ಕಾಯಿಲೆ, ಯಾವ ಆಸ್ಪತ್ರೆ, ಎಷ್ಟು ಬೇಕು ಅಂತ ಇರುವುದಿಲ್ಲ. ಕಾರ್ಡು ಕೆಲವು ಸಲ ಅದನ್ನು ಹಂಚುವವರಿಗಿಂತ ಹಳೆಯದಾಗಿರುತ್ತದೆ. ಅದೇ ಒಕ್ಕಣೆ ಈಗ ವಾಟ್ಸ್‌ಆಪಿಗೆ ಬಂದು ಕೂತಿದೆ, ಕೊನೆಯಲ್ಲಿ ಒಂದು ಕ್ಯೂಆರ್ ಕೋಡ್ ಸೇರಿದೆ, ಅಷ್ಟೇ ವ್ಯತ್ಯಾಸ.

ನಮ್ಮ ಬೀದಿಯ ಟೈಲರ್ ಒಬ್ಬರ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ಅವರ ಭಾವಮೈದ ಒಂದು ಸಂಜೆ ಫೋನು ಹಿಡಿದುಕೊಂಡು ಬಂದ. ಊರಿನಲ್ಲಿ ಅರ್ಜಿ, ಆಹ್ವಾನ ಪತ್ರಿಕೆ, ಶ್ರದ್ಧಾಂಜಲಿಯ ಕರಡು ತಿದ್ದುವುದು ನನ್ನ ಪಾಲಿಗೆ ಬಂದಿರುವ ಕೆಲಸ. "ಮೇಷ್ಟ್ರೇ, ಇದನ್ನ ಇನ್ನೂ ಸ್ವಲ್ಪ ಕರುಳು ಕಿತ್ತು ಬರೋ ಹಾಗೆ ಮಾಡಿಕೊಡಿ" ಅಂದ.

ಅವನ ಬರಹ ಹೀಗಿತ್ತು: "ಕೈಮುಗಿದು ಕಾಲಿಗೆ ಬಿದ್ದು ಬೇಡಿಕೊಳ್ಳುತ್ತೇವೆ!!! ಒಂದು ಬಡ ಜೀವ ಸಾವಿನ ದವಡೆಯಲ್ಲಿದೆ. ಎರಡು ಪುಟ್ಟ ಮಕ್ಕಳು ಅನಾಥರಾಗಲಿವೆ. ಚಿಕಿತ್ಸೆಗೆ 20 ಲಕ್ಷ ಬೇಕು. ಒಂದು ರೂಪಾಯಿ ಕೊಡಲಾಗದಿದ್ದರೆ ಶೇರ್ ಆದರೂ ಮಾಡಿ, ಮನುಷ್ಯತ್ವ ಇದ್ದರೆ." ಕೆಳಗೆ ಫೋಟೊ: ಕುತ್ತಿಗೆಗೆ ಕೊಳವೆ, ಬಾಯಿ ಅರ್ಧ ತೆರೆದಿದೆ, ಅಂಗಿ ಇಲ್ಲ.

"20 ಲಕ್ಷ ಅಂತ ಆಸ್ಪತ್ರೆಯವರು ಹೇಳಿದ್ರಾ?"

"ಇಲ್ಲ ಸಾರ್. ಅವರು ಹೇಳಿದ್ದು 7 ಲಕ್ಷ ಚಿಲ್ಲರೆ. ಇಪ್ಪತ್ತು ಕೇಳಿದ್ರೆ ಏಳಾದ್ರೂ ಬರುತ್ತಲ್ಲ ಅಂತ."

ಸಂತೆಯಲ್ಲಿ ಎಮ್ಮೆ ವ್ಯಾಪಾರ ಮಾಡುವ ಲೆಕ್ಕ ಇದು. ಕೊಡುವವರಲ್ಲಿ ಒಬ್ಬನಿಗಾದರೂ ಕಿಡ್ನಿ ಕಸಿಗೆ ಎಷ್ಟಾಗುತ್ತದೆಂದು ಗೊತ್ತಿರುತ್ತದೆ. ಅವನು ಗುಂಪಿನಲ್ಲಿ "ಇಷ್ಟಾಗಲ್ಲವಲ್ಲ" ಎಂದು ಒಂದು ಸಾಲು ಹಾಕಿದರೆ, ನಿಜವಾದ ಕಾಯಿಲೆಯೂ ಸುಳ್ಳಾಗಿಬಿಡುತ್ತದೆ.

ಆಸ್ಪತ್ರೆ ಕೊಟ್ಟ ಎಸ್ಟಿಮೇಟ್ ಪತ್ರ ತರಿಸಿದೆ. ಲೆಟರ್‌ಹೆಡ್ಡಿನ ಮೇಲೆ ರೋಗಿಯ ಯುಎಚ್‌ಐಡಿ ನಂಬರು, ವಿಭಾಗ, ತಾರೀಕು, ವೈದ್ಯರ ಮೊಹರು ಎಲ್ಲ ಇದ್ದವು. ತಾಯಿಯ ಕಿಡ್ನಿ ತೆಗೆಯುವ ಶಸ್ತ್ರಚಿಕಿತ್ಸೆ, ಮಗನಿಗೆ ಕಸಿ ಮಾಡುವುದು, ಇಬ್ಬರ ವಾರ್ಡು, ಒಳರೋಗಿಯಾಗಿದ್ದಾಗಿನ ಔಷಧಿ, ಎಲ್ಲ ಸೇರಿ 7,20,000. ಭಾವಮೈದ ಇಷ್ಟಕ್ಕೇ ನಿಂತಿದ್ದ. ಆದರೆ ಕಸಿಯಾದ ಮೇಲೆ ಶುರುವಾಗುವ ಖರ್ಚೇ ಬೇರೆ. ಬೇರೆಯವರ ಕಿಡ್ನಿಯನ್ನು ದೇಹ ಹೊರಗಿನದೆಂದು ಗುರುತಿಸಿ ತಳ್ಳಲು ನೋಡುತ್ತದೆ. ಅದನ್ನು ತಡೆಯಲು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್‌ನಂಥ ಮಾತ್ರೆಗಳನ್ನು ಕಸಿ ಕಿಡ್ನಿ ಇರುವವರೆಗೂ ನುಂಗುತ್ತಿರಬೇಕು. ಟ್ಯಾಕ್ರೊಲಿಮಸ್ ರಕ್ತದಲ್ಲಿ ಕಡಿಮೆಯಾದರೆ ಕಿಡ್ನಿಗೆ ಅಪಾಯ, ಹೆಚ್ಚಾದರೂ ಅದೇ ಕಿಡ್ನಿಗೆ ಅಪಾಯ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ರಕ್ತಪರೀಕ್ಷೆ. ಸೋಂಕಿನ ಭಯದಿಂದ ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಮನೆ ಮಾಡಿಕೊಂಡಿರಿ ಎಂದಿದ್ದರು. ಔಷಧಿ, ಪರೀಕ್ಷೆಗೆ 60,000, ಬಾಡಿಗೆಗೆ 40,000 ಸೇರಿಸಿದಾಗ ಒಟ್ಟು 8,20,000 ಆಯಿತು. ಒಡವೆ ಅಡ ಇಟ್ಟು, ಅಣ್ಣಂದಿರಿಂದ ಪಡೆದು, ಟೈಲರ್‌ಗಳ ಸಂಘದವರು ಕೊಟ್ಟು ಕೈಯಲ್ಲಿದ್ದದ್ದು 3,40,000. ಕೇಳಬೇಕಾದದ್ದು 4,80,000.

"ಒಡವೆ ಅಡ ಇಟ್ಟಿದ್ದು ಬರೀಬೇಡಿ, ಅಕ್ಕ ಬೇಜಾರು ಮಾಡ್ಕೋತಾಳೆ" ಅಂದ. ಸರಿ, "ಮನೆಯವರು ಹೊಂದಿಸಿರುವುದು" ಎಂದರೆ ಸಾಕು. ಲೆಕ್ಕ ತೋರಿಸಬೇಕು ನಿಜ, ಆದರೆ ಗೋದ್ರೇಜ್ ಬೀರು ತೆರೆದು ತೋರಿಸಬೇಕಿಲ್ಲ.

ಹಳ್ಳಿಯ ಮದುವೆಗಳಲ್ಲಿ ಚಪ್ಪರದ ಬಾಗಿಲಲ್ಲಿ ಮುಯ್ಯಿ ಬರೆದುಕೊಳ್ಳುವವರು ಕೂತಿರುತ್ತಾರೆ. ಹೆಸರು, ಊರು, ಮೊತ್ತ. ಅಲ್ಲಿ ಕೊಡುವವನಿಗೂ ಸಂಕೋಚವಿಲ್ಲ, ತೆಗೆದುಕೊಳ್ಳುವವನಿಗೂ ತಲೆ ತಗ್ಗಿಸುವ ಪ್ರಮೇಯವಿಲ್ಲ, ನಡುವೆ ಒಂದು ಪುಸ್ತಕ ಇರುತ್ತದೆ. ಟೈಲರ್ ಮನವಿಯನ್ನು ಆ ಪುಸ್ತಕದ ಹಾಗೆ ಬರೆಯಬಹುದಲ್ಲ ಎನ್ನಿಸಿತು. ಇನ್ನೊಂದು ವಿಚಾರವೂ ಇತ್ತು. ಇಂಥ ಪತ್ರವನ್ನು ರೋಗಿಯೂ ಓದುತ್ತಾನೆ. ಗುಣವಾಗಿ ಬಂದು ಇದೇ ಬೀದಿಯಲ್ಲಿ, ಇದೇ ಜನರ ಎದೆಸುತ್ತಳತೆ ತೆಗೆಯಬೇಕಾದವನು ಅವನು. ಅಂಗಿಯಿಲ್ಲದ ಆ ಫೋಟೊ ಊರಿನವರ ಫೋನುಗಳಲ್ಲೆಲ್ಲ ಉಳಿದಿರುತ್ತದೆ. ಅದನ್ನು ತೆಗೆಸಿ, ಅಂಗಡಿಯಲ್ಲಿ ಮಿಷನ್ ಮುಂದೆ ಕೂತಿರುವುದನ್ನು ಅವರನ್ನೇ ಕೇಳಿ ಹಾಕಿಸಿದೆ.

ಕೊನೆಗೆ ನಿಂತ ಬರಹ ಇದು, ಹೆಸರು ವಿಳಾಸ ಬಿಟ್ಟು:

"ನಮ್ಮ ಭಾವ, 38 ವರ್ಷ, ಟೈಲರ್. ಎಂಟು ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ಅವರ ತಾಯಿ ಕಿಡ್ನಿ ಕೊಡುತ್ತಿದ್ದಾರೆ; ಪರೀಕ್ಷೆಗಳಲ್ಲಿ ಹೊಂದಿಕೆಯಾಗಿದೆ. ಒಟ್ಟು ಖರ್ಚು 8,20,000 ರೂ. ಮನೆಯವರು ಮತ್ತು ಸಂಘ ಹೊಂದಿಸಿರುವುದು 3,40,000. ಉಳಿದ 4,80,000ಕ್ಕೆ ನೆರವು ಕೇಳುತ್ತಿದ್ದೇವೆ. ನಮ್ಮದು ಎಪಿಎಲ್ ಕಾರ್ಡು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿದ್ದೇವೆ, ಅಲ್ಲಿಂದ ಬಂದಷ್ಟನ್ನು ಈ ಮೊತ್ತದಲ್ಲಿ ಕಳೆಯುತ್ತೇವೆ. ಕಸಿ ಯಶಸ್ವಿಯಾದರೆ ಡಯಾಲಿಸಿಸ್ ತಪ್ಪುತ್ತದೆ, ಕೆಲಸಕ್ಕೆ ಮರಳಬಹುದು. ಮಾತ್ರೆ ಮುಂದುವರಿಯುತ್ತದೆ, ದೇಹ ಕಿಡ್ನಿಯನ್ನು ಒಪ್ಪದಿರುವ ಸಾಧ್ಯತೆಯೂ ಇದೆ ಎಂದು ವೈದ್ಯರು ತಿಳಿಸಿದ್ದಾರೆ. ಹಣವನ್ನು ಆಸ್ಪತ್ರೆಯ ಖಾತೆಗೇ ಹಾಕಿ, ರೋಗಿಯ ನಂಬರು ನಮೂದಿಸಿ. ಉಳಿದರೆ ಅದೇ ವಿಭಾಗದ ಇನ್ನೊಬ್ಬ ರೋಗಿಯ ಬಿಲ್ಲಿಗೆ ಕೊಡುತ್ತೇವೆ. ಈ ಮನವಿ ತಿಂಗಳ ಕೊನೆಯವರೆಗೆ ಮಾತ್ರ."

ಮೇಲೆ ತಾರೀಕು ಹಾಕಿಸಿದೆ. ತಾರೀಕಿಲ್ಲದ ಮನವಿಗೆ ಸಾವಿಲ್ಲ. ರೋಗಿ ಗುಣವಾಗಿದ್ದರೂ, ತೀರಿಕೊಂಡಿದ್ದರೂ ಅದು ಗುಂಪಿನಿಂದ ಗುಂಪಿಗೆ ಹೋಗುತ್ತಲೇ ಇರುತ್ತದೆ. ನಡುವೆ ಯಾರೋ ಕ್ಯೂಆರ್ ಕೋಡ್ ಬದಲಿಸಿದರೂ ಗೊತ್ತಾಗುವುದಿಲ್ಲ. ಅದಕ್ಕೇ, "ಪರಿಶೀಲಿಸಬೇಕೆನ್ನುವವರು ಈ ಸಂದೇಶದಲ್ಲಿರುವ ನಂಬರಿಗಲ್ಲ, ಆಸ್ಪತ್ರೆಯ ನಂಬರು ನೀವೇ ಹುಡುಕಿ ಬಿಲ್ಲಿಂಗ್ ವಿಭಾಗಕ್ಕೆ ಫೋನ್ ಮಾಡಿ" ಎಂದೂ ಸೇರಿಸಿದೆ.

"ಒಪ್ಪದಿರುವ ಸಾಧ್ಯತೆ" ಎಂಬಲ್ಲಿ ಭಾವಮೈದ ಗಕ್ಕನೆ ನಿಂತ. "ಅದು ಅಪಶಕುನ ಅಲ್ವಾ ಮೇಷ್ಟ್ರೇ? ಯಾರು ಕೊಡ್ತಾರೆ?" ಕೊಟ್ಟೇ ಕೊಡುತ್ತಾರೆ ಎನ್ನಲು ನನ್ನ ಬಳಿ ಪುರಾವೆಯೇನೂ ಇರಲಿಲ್ಲ. ಟೈಲರ್‌ಗೇ ಓದಿಸು ಎಂದೆ. ಅವರು ಆ ಸಾಲನ್ನು ಮುಟ್ಟಲಿಲ್ಲ. ಕೆಳಗೆ ತಮ್ಮದೇ ಒಂದು ಸೇರಿಸಿ ಕಳಿಸಿದ್ದರು: "ಹೊಲಿಯಲು ಕೊಟ್ಟಿರುವ ಬಟ್ಟೆಗಳನ್ನು ದಯವಿಟ್ಟು ವಾಪಸ್ ತೆಗೆದುಕೊಂಡು ಹೋಗಿ. ಆರು ತಿಂಗಳು ಅಂಗಡಿ ಇರುವುದಿಲ್ಲ." ಮನವಿಗೆ ಸಂಬಂಧವಿಲ್ಲದ್ದು ಎಂದು ತೆಗೆಯಲು ಹೋಗಿ ಬಿಟ್ಟೆ. ಇಡೀ ಪತ್ರದಲ್ಲಿ ಅವರ ದನಿ ಇದ್ದದ್ದು ಅಲ್ಲೊಂದೇ.

ಹಣ ಬರತೊಡಗಿತು. ಸಣ್ಣಸಣ್ಣ ಮೊತ್ತಗಳೇ ಹೆಚ್ಚು, ಬ್ಲೌಸ್ ಪೀಸ್ ವಾಪಸ್ ಒಯ್ಯಲು ಬಂದವರದೂ ಸೇರಿ. ಅಷ್ಟರಲ್ಲಿ ಟೈಲರ್‌ಗೆ ಜ್ವರ ಬಂದು ಎದೆಯಲ್ಲಿ ಸೋಂಕು ಕಂಡಿತು. ಕಸಿಯ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವುದರಿಂದ ಸೋಂಕಿರುವಾಗ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ದಿನ ಮುಂದೆ ಹೋಯಿತು, ಬಿಲ್ಲಿಗೆ 18,000 ಸೇರಿತು. ಭಾವಮೈದ ಮತ್ತೆ ಬಂದ. "ಇದನ್ನೂ ಹಾಕ್ಬೇಕಾ? ಸುಮ್ಮನೆ ಇದ್ದುಬಿಟ್ರೆ?"

ದುಡ್ಡು ಕೊಟ್ಟವರು ಶಸ್ತ್ರಚಿಕಿತ್ಸೆಯ ದಿನ ನೆನಪಿಟ್ಟುಕೊಂಡು ಕೇಳುತ್ತಾರಪ್ಪ, ಅವರು ಕೇಳುವ ಮುಂಚೆ ನೀನೇ ಹೇಳು ಅಂದೆ. ಅಲ್ಲೇ ಜಗಲಿಯ ಮೇಲೆ ಕೂತು ಬರೆದ: "ಜ್ವರದಿಂದ ಆಪರೇಷನ್ ಮುಂದಕ್ಕೆ ಹೋಗಿದೆ. ಹೊಸ ದಿನಾಂಕ ಇನ್ನೂ ಕೊಟ್ಟಿಲ್ಲ. ಹೆಚ್ಚುವರಿ ಖರ್ಚು 18,000, ಬಿಲ್ ಲಗತ್ತಿಸಿದೆ. ಈವರೆಗೆ ಬಂದಿರುವುದು 2,65,000." ಕೊನೆಯಲ್ಲಿ ಕೈಮುಗಿದ ಚಿತ್ರಗಳು ಮೂರು ಹಾಕಿದ್ದ. ನನ್ನ ಮುಖ ನೋಡಿ, ಎರಡನ್ನು ಅಳಿಸಿ ಕಳಿಸಿದ.